ಪಾಸಾಗಲು ಮೂವತ್ತೆಂಟು

ಹಿರಿಯೂರು ದಾಟಿದಾಗ ಫೋನಿನಲ್ಲಿ 4% ಚಾರ್ಜ್. ಸೀಟಿನ ಪಕ್ಕದ ಚಾರ್ಜಿಂಗ್ ಪಾಯಿಂಟ್ ಸುಮ್ನೆ ನೋಡೋಕೆ ಮಾತ್ರ. ಹುಬ್ಬಳ್ಳಿ ಇನ್ನೂ ದೂರ. ಸಹನಾ ಕ್ಯಾಲ್ಕ್ಯುಲೇಟರ್ ತೆರೆದಳು.

ಮ್ಯಾಥ್ಸ್ ಇಂಟರ್ನಲ್ಸ್ 50ಕ್ಕೆ 21. ಪಾಸಾಗಲು ಒಟ್ಟು 40. ಅಂದ್ರೆ ಇನ್ನೂ 19 ಬೇಕು. ನೂರರ ಪೇಪರಿನ ಅಂಕ ಅರ್ಧವಾಗಿ ಸೇರುತ್ತೆ, ಅಂದ್ರೆ ಅದರಲ್ಲಿ 38. ಮೊದಲ ಮಾಡ್ಯೂಲ್ 14, ಎರಡನೆಯದು 9, ಮೂರನೆಯದು, ಮೇಷ್ಟ್ರು ಧಾರಾಳಿಯಾದರೆ, 8. ಒಟ್ಟು 31. ನಾಲ್ಕನೆಯದರಲ್ಲಿ ಬರೀ ಸೂತ್ರ ಬರೆದಿದ್ದಳು. ಅದಕ್ಕೂ ಮಾರ್ಕ್ಸ್ ಕೊಡ್ತಾರೆ ಅಲ್ವಾ?

ಫೋನ್ ಆಫ್.

"ಅಣ್ಣಾ, ಒಂದ್ನಿಮಿಷ ಪೆನ್ನು ಕೊಡ್ತೀರಾ?"

ಕಂಡಕ್ಟರ್ ಕಿವಿಯ ಸಂದಿಯಿಂದ ಪೆನ್ನು ತೆಗೆದರು. "ವಾಪಸ್ ಕೊಡಮ್ಮಾ, ಎಲ್ರೂ ಇಟ್ಕೊಂಡುಬಿಡ್ತಾರೆ."

ಟಿಕೆಟಿನ ಹಿಂದೆ 31 ಬರೆದು, ಐದನೇ ಮಾಡ್ಯೂಲಿಗೆ ತಾನೇ 7 ಹಾಕಿಕೊಂಡಳು. ಸರಿಯಾಗಿ 38. ನಾಲ್ಕನೆಯದಕ್ಕೆ ಎಷ್ಟು ಬಂದರೂ ಲಾಭವೇ.