ಕುಂಡದ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗದಿರಲು ಏನು ಮಾಡಬೇಕು? | ಮಳೆಗಾಲದ ತಾರಸಿ ತರಕಾರಿಗೆ ಮಣ್ಣಿನ ಮಿಶ್ರಣ, ಅಳತೆ ಸಹಿತ

ಟೊಮೆಟೊ, ಬದನೆ, ಬೆಂಡೆ ಬೆಳೆಯಲು 12 ಅಂಗುಲ ಅಗಲ, 12 ಅಂಗುಲ ಎತ್ತರದ ಗ್ರೋ ಬ್ಯಾಗ್‌ಗಳಿಗೆ ಬೇಕಾದ ಮಣ್ಣಿನ ಮಿಶ್ರಣವನ್ನು ಮೊದಲಿನಿಂದ ಕೊನೆಯವರೆಗೆ ಈ ವಿಡಿಯೊದಲ್ಲಿ ತಯಾರಿಸಿ ತೋರಿಸಿದ್ದೇನೆ. ನಮ್ಮದು ಬೆಂಗಳೂರಿನಲ್ಲಿ 30×40 ನಿವೇಶನದ ಮನೆ. ತಾರಸಿಯ ಮೇಲೆ ಸುಮಾರು ಅರವತ್ತು ಚೀಲಗಳಿವೆ, ಕೊಳವೆಬಾವಿಯ ನೀರೇ ಅವುಗಳಿಗೆ ಆಧಾರ. ಬೀಜದ ವಿಚಾರದಲ್ಲಿ ತೋರುವ ಆಸಕ್ತಿಯನ್ನು ನಾವು ಮಣ್ಣಿನ ವಿಚಾರದಲ್ಲಿ ತೋರುವುದಿಲ್ಲ ಎಂಬುದು ಹತ್ತಾರು ವೀಕ್ಷಕರ ಚಿತ್ರಗಳನ್ನು ನೋಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ. ಬಿತ್ತನೆಗೆ ಕನಿಷ್ಠ ಮೂರು ವಾರ ಮೊದಲೇ ಮಿಶ್ರಣವನ್ನು ಸಿದ್ಧಪಡಿಸಿ, ತೇವದಲ್ಲಿ ಹದಕ್ಕೆ ಬಿಡಬೇಕು. ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಮಣ್ಣು ಕಲಸಿಟ್ಟರೆ ಮೃಗಶಿರ ಮಳೆಯ ಕೊನೆಯ ದಿನಗಳಲ್ಲಿ ಸಸಿ ನೆಡಲು ಅನುಕೂಲವಾಗುತ್ತದೆ.

ಅಧ್ಯಾಯಗಳು

00:00 ಕಳೆದ ವರ್ಷದ ಮೂರು ಚೀಲಗಳನ್ನು ಕತ್ತರಿಸಿ ಒಳಗಿನ ಬೇರನ್ನು ನೋಡುವುದು
02:10 ಉಪ್ಪಿನಕಾಯಿ ಸೀಸೆಯಲ್ಲಿ ಮಣ್ಣಿನ ಪರೀಕ್ಷೆ
05:05 ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಮೂರು ಸಲ ತೊಳೆಯುವ ವಿಧಾನ
08:40 ಗೊಬ್ಬರ ಪೂರ್ತಿ ಕಳಿತಿದೆಯೇ? ಸಾಸಿವೆ ಕಾಳಿನ ಪರೀಕ್ಷೆ
11:25 ಬಕೆಟ್ ಅಳತೆಯಲ್ಲಿ ಮಿಶ್ರಣ
15:10 ಮುಷ್ಟಿಯಲ್ಲಿ ಹಿಡಿದು ತೇವ ನೋಡುವುದು
16:30 ಚೀಲ ತುಂಬುವ ಕ್ರಮ, ತಳಕ್ಕೆ ಜಲ್ಲಿ ಏಕೆ ಬೇಡ
19:15 ಹಳೆಯ ಮಣ್ಣನ್ನು ಮತ್ತೆ ಬಳಸುವುದು
22:20 ಗಡಸು ನೀರು ಮತ್ತು ಹಳದಿ ಎಲೆ
24:00 ಹತ್ತು ಲೀಟರ್ ಜೀವಾಮೃತ
26:05 ವೀಕ್ಷಕರ ಪ್ರಶ್ನೆಗಳು

ಮಿಶ್ರಣದ ಅಳತೆ (11:25)

ಹತ್ತು ಲೀಟರ್ ಹಿಡಿಯುವ ಒಂದೇ ಬಕೆಟ್ಟನ್ನು ಎಲ್ಲದಕ್ಕೂ ಬಳಸಿದ್ದೇನೆ. ಜರಡಿ ಹಿಡಿದ ಕೆಮ್ಮಣ್ಣು ನಾಲ್ಕು ಬಕೆಟ್, ತೊಳೆದು ಹಿಂಡಿದ ಕೊಕೊಪೀಟ್ ಎರಡು ಬಕೆಟ್, ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಕೆಟ್, ಎರೆಹುಳು ಗೊಬ್ಬರ ಒಂದು ಬಕೆಟ್ ಮತ್ತು ದಪ್ಪ ಮರಳು ಅರ್ಧ ಬಕೆಟ್. ಇದಕ್ಕೆ 400 ಗ್ರಾಂ ಬೇವಿನ ಹಿಂಡಿ ಮತ್ತು 200 ಗ್ರಾಂ ಎಲುಬಿನ ಪುಡಿಯನ್ನು ಸೇರಿಸಿದೆ. ಎಲುಬಿನ ಪುಡಿ ಬೇಡವೆನ್ನುವವರು ಅದನ್ನು ಬಿಟ್ಟು ಎರೆಹುಳು ಗೊಬ್ಬರವನ್ನು ಇನ್ನರ್ಧ ಬಕೆಟ್ ಹೆಚ್ಚಿಸಬಹುದು. ಇಷ್ಟರಿಂದ ನಾಲ್ಕು ಚೀಲಗಳು ತುಂಬಿ, ಮುಂದೆ ಬುಡಕ್ಕೆ ಏರಿಸಲು ಸ್ವಲ್ಪ ಮಣ್ಣು ಉಳಿಯುತ್ತದೆ.

ತಿದ್ದುಪಡಿ: 13:48ರಲ್ಲಿ "ಒಂದು ಚೀಲಕ್ಕೆ 400 ಗ್ರಾಂ ಬೇವಿನ ಹಿಂಡಿ" ಎಂದು ಬಾಯಿತಪ್ಪಿ ಹೇಳಿದ್ದೇನೆ. ಅದು ನಾಲ್ಕು ಚೀಲಗಳಿಗೆ ಸೇರಿ ಹಾಕಬೇಕಾದ ಪ್ರಮಾಣ. ಒಂದು ಚೀಲಕ್ಕೆ 100 ಗ್ರಾಂ ಸಾಕು. ಹಿಂಡಿ ಹೆಚ್ಚಾದರೆ ಅದು ಕೊಳೆಯುವಾಗ ಹುಟ್ಟುವ ಕಾವಿಗೆ ಎಳೆಯ ಬೇರು ಸುಟ್ಟುಹೋಗುತ್ತದೆ. ದಯವಿಟ್ಟು ಈ ಭಾಗವನ್ನು ನೋಡಿದವರು ಗಮನಿಸಬೇಕು.

ಕಲಸಿದ ಮಿಶ್ರಣವನ್ನು ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿ, ವಾರಕ್ಕೊಮ್ಮೆ ತಿರುವಿ ಹಾಕಬೇಕು. ಐದಾರು ದಿನಗಳಲ್ಲಿ ರಾಶಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿಕೊಂಡರೆ ಹೆದರಿ ಚೆಲ್ಲಬೇಡಿ. ಅದು ಹಿಂಡಿ ಕಳಿಯುತ್ತಿರುವ ಗುರುತು, ತಿರುವಿ ಹಾಕಿದರೆ ಮರೆಯಾಗುತ್ತದೆ. ಮೂರನೆಯ ವಾರಕ್ಕೆ ಹಿಂಡಿಯ ಘಾಟು ಹೋಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರಬೇಕು. ರಾಶಿಯೊಳಗೆ ಕೈಯಿಟ್ಟಾಗ ಬಿಸಿ ತಾಗಬಾರದು.

ಕೆಮ್ಮಣ್ಣಿನ ಬಗ್ಗೆ

ತಾರಸಿ ತೋಟ ಆರಂಭಿಸಿದ ಮೊದಲ ವರ್ಷ ನಾನು ಚೀಲಗಳಿಗೆ ಬರೀ ಕೆಮ್ಮಣ್ಣು ತುಂಬಿ, ಮೇಲೊಂದಿಷ್ಟು ಗೊಬ್ಬರ ಉದುರಿಸಿದ್ದೆ. ಒಂದೂವರೆ ತಿಂಗಳಿನಲ್ಲಿ ಮಣ್ಣು ಎಷ್ಟು ಬಿಗಿದುಕೊಂಡಿತೆಂದರೆ, ಸುರಿದ ನೀರು ಮೇಲೆಯೇ ಎರಡು ಅಂಗುಲ ನಿಂತು, ಆಮೇಲೆ ಮಣ್ಣಿಗೂ ಚೀಲಕ್ಕೂ ನಡುವೆ ಬಿಟ್ಟ ಸಂದಿಯಲ್ಲಿ ಜಾರಿ ತಳದಿಂದ ಹರಿದುಹೋಗುತ್ತಿತ್ತು. ಕೆಳಗೆ ನೀರು ಬಂದದ್ದನ್ನು ನೋಡಿ ಗಿಡಕ್ಕೆ ಸಾಕಾಯಿತೆಂದು ನಾನು ತಿಳಿದಿದ್ದೆ. ಗಿಡ ಬಾಡಿದ ಮೇಲೆ ಚೀಲ ಕತ್ತರಿಸಿ ನೋಡಿದರೆ ನಡುವಿನ ಮಣ್ಣು ಒಣಗಿದ ಇಟ್ಟಿಗೆಯಂತಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಬೇಕಾಯಿತು. ನೆಲದಲ್ಲಿ ಎರೆಹುಳು, ಇರುವೆ, ಬೇರುಗಳೆಲ್ಲ ಸೇರಿ ಮಣ್ಣನ್ನು ಸಡಿಲ ಮಾಡುತ್ತವೆ. ಚೀಲದಲ್ಲಿ ಆ ಕೆಲಸ ಮಾಡುವವರಿಲ್ಲದೆ, ದಿನವೂ ಮೇಲಿನಿಂದ ಬೀಳುವ ನೀರು ಜೇಡಿಯ ಸಣ್ಣ ಕಣಗಳನ್ನು ಸಂದುಗಳಿಗೆ ಇಳಿಸಿ ಗಾರೆ ಮೆತ್ತಿದಂತೆ ಮಾಡುತ್ತದೆ.

ಇನ್ನೊಂದು ಎಚ್ಚರಿಕೆಯೆಂದರೆ, ನಗರದಲ್ಲಿ ಕೆಮ್ಮಣ್ಣೆಂದು ಟೆಂಪೊದಲ್ಲಿ ತಂದು ಸುರಿಯುವುದು ಎಷ್ಟೋ ಸಲ ಮನೆ ಕಟ್ಟಲು ಪಾಯ ತೋಡಿದಾಗ ಬಂದ ಒಳಮಣ್ಣು. ಬಣ್ಣ ಚೆನ್ನಾಗಿರುತ್ತದೆ, ಜೀವವಿರುವುದಿಲ್ಲ. ಮೇಲ್ಪದರದ ಒಂದು ಅಡಿಯೊಳಗಿನ ಮಣ್ಣನ್ನೇ ಕೇಳಿ ತರಿಸಿ. ಅದರಲ್ಲಿ ಹುಲ್ಲಿನ ಬೇರಿನ ಎಳೆಗಳು ಸಿಕ್ಕಿದರೆ ಅದು ಒಳ್ಳೆಯ ಗುರುತು.

ಮಣ್ಣು ಎಂಥದೆಂದು ತಿಳಿಯಲು 02:10ರಲ್ಲಿ ತೋರಿಸಿದ ಸೀಸೆಯ ಪರೀಕ್ಷೆ ಸಾಕು. ಸೀಸೆಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ, ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದೆರಡು ನಿಮಿಷಗಳಲ್ಲಿ ಮರಳು ತಳ ಸೇರುತ್ತದೆ, ಕೆಲವು ಗಂಟೆಗಳಲ್ಲಿ ಅದರ ಮೇಲೆ ಗೋಡುಮಣ್ಣಿನ ಪದರ ಕೂರುತ್ತದೆ, ಜೇಡಿ ಇಳಿಯಲು ಒಂದು ದಿನವಾದರೂ ಬೇಕು. ಜೇಡಿಯ ಪದರ ಒಟ್ಟು ಮಣ್ಣಿನ ಮೂರನೇ ಒಂದು ಭಾಗಕ್ಕಿಂತ ದಪ್ಪವಾಗಿದ್ದರೆ, ಮೇಲಿನ ಅಳತೆಯಲ್ಲಿ ಒಂದು ಬಕೆಟ್ ಮಣ್ಣು ಕಡಿಮೆ ಮಾಡಿ, ಆ ಜಾಗಕ್ಕೆ ಕೊಕೊಪೀಟ್ ಮತ್ತು ಮರಳನ್ನು ಸಮನಾಗಿ ಸೇರಿಸಿ.

ವಿಜಯಪುರ, ಬಾಗಲಕೋಟೆ, ಗದಗದ ಕಡೆಯ ಎರೆಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿಯುವಂಥದು. ಅಲ್ಲಿನವರು ಮಣ್ಣನ್ನು ಎರಡು ಬಕೆಟ್ಟಿಗೆ ಇಳಿಸಿ, ಮರಳನ್ನು ಒಂದೂವರೆ ಬಕೆಟ್ಟಿಗೆ, ಗೊಬ್ಬರವನ್ನು ನಾಲ್ಕು ಬಕೆಟ್ಟಿಗೆ ಏರಿಸುವುದು ಲೇಸು. ಕರಾವಳಿಯ ಜಂಬಿಟ್ಟಿಗೆ ಮಣ್ಣು ಭಾರಿ ಮಳೆಗೆ ಸುಣ್ಣದ ಅಂಶ ಕಳೆದುಕೊಂಡು ಹುಳಿಯಾಗಿರುತ್ತದೆ. ಅಲ್ಲಿ ಚೀಲಕ್ಕೊಂದು ಹಿಡಿ ಕೃಷಿ ಸುಣ್ಣ ಉಪಯೋಗಕ್ಕೆ ಬರುತ್ತದೆ. ಅದೇ ಸುಣ್ಣವನ್ನು ಗಡಸು ನೀರಿನ ಊರಿನವರು ಹಾಕಬಾರದು.

ಕೊಕೊಪೀಟ್ ತೊಳೆಯದೆ ಹಾಕಬೇಡಿ

ಐದು ಕಿಲೊ ಇಟ್ಟಿಗೆ ನೆನೆದು ಅರಳಿದರೆ ಸುಮಾರು ಎಪ್ಪತ್ತು ಲೀಟರ್ ಆಗುತ್ತದೆ, ಆದ್ದರಿಂದ ದೊಡ್ಡ ಟಬ್ಬನ್ನೇ ತೆಗೆದುಕೊಳ್ಳಿ. ತೆಂಗಿನ ನಾರಿನಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುತ್ತವೆ. ಸಿಪ್ಪೆಯನ್ನು ಉಪ್ಪು ನೀರಿನಲ್ಲಿ ಕೊಳೆಹಾಕಿದ್ದರಂತೂ ಅವು ಇನ್ನೂ ಹೆಚ್ಚು. ಮೊದಲ ನೀರು ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿರುತ್ತದೆ. ಬಟ್ಟೆಯಲ್ಲಿ ಹಿಂಡಿ, ಮತ್ತೆ ಹೊಸ ನೀರು ಹಾಕಿ, ಮೂರನೆಯ ಸಲಕ್ಕೆ ಅದು ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಕು. ಎರಡು ವರ್ಷದ ಹಿಂದೆ ಮಳಿಗೆಯವರೊಬ್ಬರು "ತೊಳೆದದ್ದೇ, ನೇರವಾಗಿ ಹಾಕಿ" ಎಂದದ್ದನ್ನು ನಂಬಿ ಹದಿನೆಂಟು ಬದನೆ ಸಸಿ ನೆಟ್ಟೆ. ಹತ್ತೇ ದಿನಕ್ಕೆ ಎಲೆಯ ಅಂಚುಗಳು ಕಾಗದ ಸುಟ್ಟಂತೆ ಕಂದಾದವು. ನೀರು ಸಾಲದೆಂದು ತಿಳಿದು, ಬುಡ ಮಾತ್ರ ನೆನೆಯುವಂತೆ ದಿನಕ್ಕೆರಡು ಸಲ ಹಾಕಿದೆ. ತಳದಿಂದ ಹರಿಯುವಷ್ಟು ಹಾಕಿದ್ದರೆ ಉಪ್ಪು ತೊಳೆದುಹೋಗಿ ಕೆಲವಾದರೂ ಬದುಕುತ್ತಿದ್ದವು. ಏಳು ಸಸಿಗಳಷ್ಟೇ ಉಳಿದವು.

ಗೊಬ್ಬರ ಕಳಿತಿದೆಯೇ?

ಹಸಿ ಸಗಣಿ, ಅರೆಕಳಿತ ಗೊಬ್ಬರಗಳಿಂದ ಬೇರು ಸುಡುವುದಲ್ಲದೆ ಗೊಣ್ಣೆಹುಳುವಿನ ಕಾಟವೂ ಜೊತೆಗೆ ಬರುತ್ತದೆ. ತಂದ ಗೊಬ್ಬರವನ್ನು ಒಂದು ಹಳೆಯ ಡಬ್ಬಿಗೆ ತುಂಬಿ, ಒಗ್ಗರಣೆ ಡಬ್ಬಿಯ ಸಾಸಿವೆಯಲ್ಲಿ ಇಪ್ಪತ್ತು ಕಾಳು ಉದುರಿಸಿ ತೇವ ಮಾಡಿ. ಪಕ್ಕದಲ್ಲೇ ಒದ್ದೆ ಬಟ್ಟೆಯ ಮೇಲೆ ಇನ್ನಿಪ್ಪತ್ತು ಕಾಳು ಇಡಿ. ನಾಲ್ಕೈದು ದಿನಗಳಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಮೊಳೆತರೆ ಗೊಬ್ಬರ ಸಿದ್ಧವಾಗಿದೆ. ಡಬ್ಬಿಯಲ್ಲಿ ಅರ್ಧದಷ್ಟೂ ಬಾರದಿದ್ದರೆ ಅಥವಾ ಮೊಳಕೆಯ ತುದಿ ಕಪ್ಪಾಗಿದ್ದರೆ ಆ ಗೊಬ್ಬರವನ್ನು ಇನ್ನೊಂದು ತಿಂಗಳು ಕಾಯಿಸಿ.

ತಳಕ್ಕೆ ಜಲ್ಲಿ ಬೇಡ

ಈ ಮಾತಿಗೆ ಹಿಂದಿನ ವಿಡಿಯೊದಲ್ಲಿ ಬಹಳ ಆಕ್ಷೇಪ ಬಂದಿತ್ತು. ತಳದಲ್ಲಿ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ಹಳೆಯದು. ಆದರೆ ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಅದು ಜಲ್ಲಿಯ ಮೇಲ್ಗಡೆಯೇ ನಿಲ್ಲುವುದರಿಂದ, ನೀರು ನಿಲ್ಲುವ ಪದರ ಎರಡು ಅಂಗುಲ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೇ ಬರುತ್ತದೆ. ತೂತು ಮುಚ್ಚದಂತೆ ಒಂದು ಮಡಕೆ ಚೂರನ್ನೋ ತೆಂಗಿನ ಸಿಪ್ಪೆಯ ತುಂಡನ್ನೋ ಬೋರಲಾಗಿಟ್ಟರೆ ಸಾಕು. ಚೀಲವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿಡಿ, ತಾರಸಿಯೂ ಒಣಗಿರುತ್ತದೆ.

ಹಳೆಯ ಮಣ್ಣು

ಹಳೆಯ ಮಣ್ಣನ್ನು ಎಸೆಯಬೇಕಿಲ್ಲ, ಆದರೆ ಬೇರನ್ನು ನೋಡದೆ ಬಳಸಬಾರದು. 00:50ರಲ್ಲಿ ತೋರಿಸಿದ ಟೊಮೆಟೊ ಬೇರಿನ ಮೇಲೆ ಕಡಲೆಕಾಳಿನ ಗಾತ್ರದ ಗಂಟುಗಳಿದ್ದವು. ಅದು ಬೇರುಗಂಟು ಜಂತುಹುಳುವಿನ ಹಾವಳಿ. ಅಂಥ ಮಣ್ಣನ್ನು ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ತೆಳುವಾಗಿ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳನ್ನು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಆಮೇಲೆ ಅದರಲ್ಲಿ ಚೆಂಡುಹೂ ಬೆಳೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವಾದ್ದರಿಂದ ಒಂದರ ರೋಗ ಇನ್ನೊಂದಕ್ಕೆ ಕಾದಿರುತ್ತದೆ. ಬದನೆಯಿದ್ದ ಚೀಲಕ್ಕೆ ಮುಂದಿನ ಸಲ ಹುರುಳಿಕಾಯಿ, ಬೆಂಡೆ ಅಥವಾ ದಂಟಿನ ಸೊಪ್ಪು ಹಾಕಿ. ನಿಂತ ನಿಲುವಿನಲ್ಲೇ ಹಸಿರಾಗಿಯೇ ಬಾಡಿದ ಗಿಡದ ಮಣ್ಣನ್ನು ಮಾತ್ರ ಯಾವ ತರಕಾರಿಗೂ ಬಳಸದಿರುವುದು ಕ್ಷೇಮ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುದುರು, ದುಂಡಾಣು ಸೊರಗು, ಅಂಗಮಾರಿ ಈ ಮೂರನ್ನೂ ತಡೆಯಬಲ್ಲ ತಳಿ. ಅದು ಹೈಬ್ರಿಡ್ ಆದ್ದರಿಂದ ಹಣ್ಣಿನಿಂದ ತೆಗೆದ ಬೀಜ ಅದೇ ಗುಣವನ್ನು ಕೊಡುವುದಿಲ್ಲ.

ಗಡಸು ನೀರು (22:20)

ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಕೊಳವೆಬಾವಿಯ ನೀರಿನಲ್ಲಿರುವ ಬೈಕಾರ್ಬೊನೇಟ್ ಮಣ್ಣನ್ನು ನಿಧಾನವಾಗಿ ಕ್ಷಾರವಾಗಿಸುವುದರಿಂದ, ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಇಂಥ ಮನೆಗಳಲ್ಲಿ ಒಲೆಯ ಬೂದಿ ಹಾಕಬೇಡಿ, ಅದೂ ಕ್ಷಾರವೇ. ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ವಾರಕ್ಕೆರಡು ಸಲವಾದರೂ ಕೊಡಿ. ಟೊಮೆಟೊ ಕಾಯಿಯ ತಳ ಕಪ್ಪಾಗುವುದಕ್ಕೆ ಮೊಟ್ಟೆಚಿಪ್ಪು ಪರಿಹಾರವೆಂದು ಹಲವರು ಬರೆಯುತ್ತಾರೆ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು. ಹೆಚ್ಚಿನ ಸಲ ಕಾರಣ ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನಮ್ಮ ಅಭ್ಯಾಸ. ನೀರು ಹದವಾಗಿ ಸಿಗದಿದ್ದರೆ ಸುಣ್ಣದ ಅಂಶ ಕಾಯಿಯ ತುದಿಯನ್ನು ತಲುಪುವುದಿಲ್ಲ.

ಹತ್ತು ಲೀಟರ್ ಜೀವಾಮೃತ (24:00)

ಹತ್ತು ಲೀಟರ್ ನೀರಿಗೆ ಅರ್ಧ ಕಿಲೊ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು ಮತ್ತು ಒಂದು ಚಿಟಿಕೆ ಮರದ ಬುಡದ ಮಣ್ಣು. ನೆರಳಿನಲ್ಲಿಟ್ಟು, ದಿನಕ್ಕೆರಡು ಸಲ ಕೋಲಿನಿಂದ ತಿರುವಿ, ಮೂರನೆಯ ದಿನ ಒಂದಕ್ಕೆ ಹತ್ತರಂತೆ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಇದು ಗೊಬ್ಬರಕ್ಕೆ ಬದಲಿಯಲ್ಲ. ವಾಸನೆಯಿದೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹೊತ್ತನ್ನು ತಪ್ಪಿಸಿ.

ಮುಂದಿನ ವಿಡಿಯೊದಲ್ಲಿ ಇದೇ ನಾಲ್ಕು ಚೀಲಗಳಲ್ಲಿ ಬೆಂಡೆ ಬಿತ್ತನೆ ಮತ್ತು ಬದನೆ ಸಸಿ ನಾಟಿಯನ್ನು ತೋರಿಸುತ್ತೇನೆ. ಪ್ರಶ್ನೆ ಕೇಳುವವರು ತಮ್ಮ ಊರು, ನೀರಿನ ಮೂಲ ಮತ್ತು ಸೀಸೆಯ ಪರೀಕ್ಷೆಯಲ್ಲಿ ಕಂಡ ಪದರಗಳ ದಪ್ಪವನ್ನು ಬರೆದರೆ ಉತ್ತರಿಸಲು ಸುಲಭವಾಗುತ್ತದೆ.

#ತಾರಸಿತೋಟ #ಕೈತೋಟ #ಮಣ್ಣಿನಮಿಶ್ರಣ #ಮನೆತರಕಾರಿ