ನಿಮ್ಮ ಪಾರ್ಸೆಲ್ ತಡವಾಗಿದೆ, ಕ್ಷಮಿಸಿ: ಹೊಸ ದಿನ ಮತ್ತು ಸಮಯ

ಗುರುವಾರ, ಜುಲೈ 17, ಸಂಜೆ 5.30

ಮಾನ್ಯ ಗ್ರಾಹಕರೇ,

ಬೆಂಗಳೂರಿನಿಂದ ನಿಮ್ಮ ಹೆಸರಿಗೆ ಬಂದಿರುವ ಪಾರ್ಸೆಲ್ ಇವತ್ತು ಮನೆಗೆ ತಲುಪಬೇಕಿತ್ತು. ತಲುಪಿಸಲು ಆಗಲಿಲ್ಲ, ಅದಕ್ಕೆ ಕ್ಷಮೆ ಕೇಳುತ್ತೇವೆ. ಪಾರ್ಸೆಲ್ ಕಳೆದುಹೋಗಿಲ್ಲ. ಸದ್ಯ ಹಾಸನದಲ್ಲಿ ನಮ್ಮ ಗೋದಾಮಿನಲ್ಲಿದೆ.

ಅದು ನಿಮ್ಮ ಕೈಸೇರುವ ಹೊಸ ಸಮಯ:

ಮಂಗಳೂರು ನಗರ, ಸುರತ್ಕಲ್, ಉಳ್ಳಾಲ: ಶನಿವಾರ, ಜುಲೈ 19, ಮಧ್ಯಾಹ್ನ 2ರಿಂದ ಸಂಜೆ 7
ಬಂಟ್ವಾಳ, ಪುತ್ತೂರು, ಬೆಳ್ತಂಗಡಿ: ಸೋಮವಾರ, ಜುಲೈ 21, ಬೆಳಿಗ್ಗೆ 10ರಿಂದ ಮಧ್ಯಾಹ್ನ 2
ಉಡುಪಿ, ಮಣಿಪಾಲ, ಕುಂದಾಪುರ: ಸೋಮವಾರ, ಜುಲೈ 21, ಮಧ್ಯಾಹ್ನ 1ರಿಂದ ಸಂಜೆ 6

ಭಾನುವಾರ ವಿತರಣೆ ಇರುವುದಿಲ್ಲ.

ಆದದ್ದು ಇಷ್ಟು. ಬುಧವಾರ ರಾತ್ರಿ 10ಕ್ಕೆ ನೆಲಮಂಗಲದಿಂದ ಹೊರಟ ನಮ್ಮ 3 ಲಾರಿಗಳು ಸಕಲೇಶಪುರ ದಾಟುವ ಹೊತ್ತಿಗೆ ದೋಣಿಗಾಲ್ ಬಳಿ ರಸ್ತೆಗೆ ಗುಡ್ಡದ ಮಣ್ಣು ಜರಿದಿತ್ತು. ಶಿರಾಡಿ ಘಾಟಿಯಲ್ಲಿ ಎರಡೂ ಕಡೆಯ ವಾಹನ ನಿಂತಿತು. ಬೆಳಗಾಗುವಷ್ಟರಲ್ಲಿ ಮಣ್ಣು ತೆಗೆದಾರು ಎಂದು ನಾವು ಮಧ್ಯಾಹ್ನ 12ರವರೆಗೂ ಅಲ್ಲೇ ಕಾದೆವು. ಮಳೆ ಬಿಡಲಿಲ್ಲ, ತೆಗೆದ ಜಾಗಕ್ಕೇ ಮತ್ತೆ ಮಣ್ಣು ಇಳಿಯಿತು. ಬೆಳಿಗ್ಗೆಯೇ ಲಾರಿಗಳನ್ನು ಹಿಂದಕ್ಕೆ ತಿರುಗಿಸಬೇಕಿತ್ತು, ನಿಮಗೂ ಆಗಲೇ ತಿಳಿಸಬೇಕಿತ್ತು. ಮಳೆ ನಮ್ಮ ಕೈಯಲ್ಲಿಲ್ಲ ನಿಜ, ಆದರೆ ಈ ಅರ್ಧ ದಿನದ ತಪ್ಪು ನಮ್ಮದೇ.

ಈಗ ಚಾರ್ಮಾಡಿ ದಾರಿ ಹಿಡಿಯುತ್ತಿದ್ದೇವೆ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ನಮ್ಮ ದೊಡ್ಡ ಲಾರಿಗಳನ್ನು ಇಳಿಸಲಾಗದು, ಹಾಗಾಗಿ ಸರಕನ್ನು ಹಾಸನದಲ್ಲಿ 9 ಚಿಕ್ಕ ವಾಹನಗಳಿಗೆ ತುಂಬುವ ಕೆಲಸ ನಡೆದಿದೆ. ಮಂಜಿನಲ್ಲಿ ರಾತ್ರಿ ಘಾಟಿ ಇಳಿಸುವುದಿಲ್ಲ. ನಾಳೆ ಬೆಳಿಗ್ಗೆ 6ಕ್ಕೆ ಹೊರಟು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆ ಮೇಲೆ ಸಂಜೆಗೆ ಬೈಕಂಪಾಡಿ ಸೇರುತ್ತವೆ. ರಾತ್ರಿ ಊರುವಾರು ವಿಂಗಡಿಸಿ ಶನಿವಾರದಿಂದ ಹಂಚುತ್ತೇವೆ. ಔಷಧಿ ಎಂದು ನಮೂದಿಸಿದ ಪೆಟ್ಟಿಗೆಗಳು ಮೊದಲ ವಾಹನದಲ್ಲೇ ಬರುತ್ತವೆ, ಶನಿವಾರ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಹೊರಡುತ್ತವೆ. ಚಾರ್ಮಾಡಿಯಲ್ಲೂ ರಸ್ತೆ ಕಟ್ಟಿದರೆ ನಾಳೆ ಸಂಜೆ 6ರೊಳಗೆ ಮತ್ತೊಂದು ಸಂದೇಶ ಬರುತ್ತದೆ. ಬಾರದಿದ್ದರೆ ಮೇಲಿನ ಸಮಯವೇ ಖಚಿತ.

ಟ್ರ್ಯಾಕಿಂಗ್ ಪುಟ ನಾಳೆ ರಾತ್ರಿಯವರೆಗೂ "In Transit" ಎಂದೇ ತೋರಿಸುತ್ತದೆ, ಗಾಬರಿಯಾಗಬೇಡಿ. ನೆಲಮಂಗಲದಲ್ಲಿ ಸ್ಕ್ಯಾನ್ ಆದ ಪೆಟ್ಟಿಗೆ ಮತ್ತೆ ಸ್ಕ್ಯಾನ್ ಆಗುವುದು ಬೈಕಂಪಾಡಿಯಲ್ಲಿ ಇಳಿಸಿದಾಗಲೇ. ಹಾಸನದಲ್ಲಿ ಸ್ಕ್ಯಾನ್ ಆಗುವುದಿಲ್ಲ.

ಹೊಸ ಸಮಯ ನಿಮಗೆ ಒಪ್ಪಿಗೆಯಾದರೆ ಏನೂ ಮಾಡಬೇಕಿಲ್ಲ. ನೀವೇ ಬಂದು ಒಯ್ಯುವುದಾದರೆ ಈ ಸಂದೇಶಕ್ಕೆ 1 ಎಂದು ಉತ್ತರಿಸಿ, ಬೈಕಂಪಾಡಿಯಲ್ಲಿ 5 ದಿನ ಇಟ್ಟಿರುತ್ತೇವೆ. ಬರುವಾಗ ಗುರುತಿನ ಚೀಟಿ ತನ್ನಿ. ಬೇರೆ ದಿನ ಬೇಕಿದ್ದರೆ 2 ಎಂದು ಕಳಿಸಿ, ನಮ್ಮವರು ಫೋನ್ ಮಾಡಿ ದಿನ ಕೇಳುತ್ತಾರೆ. ಉತ್ತರ ನಾಳೆ ಸಂಜೆ 4ರೊಳಗೆ ಬರಲಿ, ವಿಂಗಡಣೆ ಶುರುವಾದ ಮೇಲೆ ಬದಲಿಸುವುದು ಕಷ್ಟ. ಮನೆಯಲ್ಲಿ ನೀವಿಲ್ಲದಿದ್ದರೆ ಪಕ್ಕದ ಮನೆಯವರಿಗೂ ಕೊಡುತ್ತೇವೆ, ಆದರೆ ನಿಮ್ಮ ಫೋನಿಗೆ ಬಂದ ಒಟಿಪಿಯನ್ನು ಅವರಿಗೆ ಮೊದಲೇ ತಿಳಿಸಿರಿ. ಅವರನ್ನು ಬಿಟ್ಟು ಬೇರೆ ಯಾರಿಗೂ ಪಾರ್ಸೆಲ್ ಕಣ್ಣೆದುರು ಇಲ್ಲದೆ ಒಟಿಪಿ ಹೇಳಬೇಡಿ.

ಸರಕು ಮಳೆಯಲ್ಲಿ ವಾಹನ ಬದಲಿಸುತ್ತಿದೆ. ಟಾರ್ಪಾಲು ಹೊದಿಸಿದ್ದರೂ ಕೆಲವು ರಟ್ಟಿನ ಪೆಟ್ಟಿಗೆಗಳ ಮೂಲೆ ಒದ್ದೆಯಾಗಿರಬಹುದು. ಪೆಟ್ಟಿಗೆ ಒದ್ದೆಯಾಗಿದ್ದರೆ, ಜಜ್ಜಿದ್ದರೆ ಸಹಿ ಹಾಕುವ ಮುಂಚೆ ರಸೀದಿಯಲ್ಲಿ ಹಾಗೆಂದು ಬರೆಯಿರಿ, ಬಿಚ್ಚುವ ಮುಂಚೆ ಎಲ್ಲ ಬದಿಯ ಫೋಟೊ ತೆಗೆಯಿರಿ. ಪಾರ್ಸೆಲ್ ಕಳಿಸಿದವರಿಗೆ ಆ ಫೋಟೊಗಳನ್ನು 48 ಗಂಟೆಯೊಳಗೆ ಕೊಡಿ. ಬಿಲ್ಲು ಅವರ ಬಳಿ ಇರುವುದರಿಂದ ಪರಿಹಾರದ ಅರ್ಜಿ ಅವರೇ ಹಾಕಬೇಕು.

ತುರ್ತು ಸೇವೆಗೆ ಕಟ್ಟಿದ ಹೆಚ್ಚುವರಿ ಹಣ, ಕಟ್ಟಿದವರ ಖಾತೆಗೇ 7 ಕೆಲಸದ ದಿನಗಳಲ್ಲಿ ವಾಪಸಾಗುತ್ತದೆ. ಅರ್ಜಿ ಬೇಕಿಲ್ಲ. ಈ ತಡಕ್ಕಾಗಿ ನಿಮ್ಮಿಂದ ಒಂದು ರೂಪಾಯಿಯೂ ಪಡೆಯುವುದಿಲ್ಲ. "ಪಾರ್ಸೆಲ್ ಬಿಡಿಸಲು 5 ರೂಪಾಯಿ ಕಟ್ಟಿ" ಎಂಬ ಲಿಂಕ್ ಬಂದರೆ ಒತ್ತಬೇಡಿ, ಅದು ನಮ್ಮದಲ್ಲ. ಪಾರ್ಸೆಲ್ ಕೈಗೆ ಬಂದ ಮೇಲೆ ಹಣ ಕೊಡುವ ವ್ಯವಸ್ಥೆ ಇದ್ದವರು ಬಾಗಿಲಲ್ಲೇ ಕೊಟ್ಟರೆ ಸಾಕು.

ಗ್ರಾಹಕ ಸೇವಾ ವಿಭಾಗ
ಬೈಕಂಪಾಡಿ ಶಾಖೆ, ಮಂಗಳೂರು