ಆಟೋ ಸ್ಟಾರ್ಟರ್ ಕೀಳಿಸಬೇಡಿ, ಸರದಿ ಕೊಡಿ

ಮಾನ್ಯ ಸಂಪಾದಕರೇ,

ಟಿ.ಸಿ.ಗಳು, ಅಂದರೆ ಕಂಬದ ಮೇಲಿನ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳು, ಸುಡಲು ಕರೆಂಟ್ ಬಂದೊಡನೆ ಪಂಪ್‌ಸೆಟ್ಟನ್ನು ತಾನಾಗಿಯೇ ಚಾಲೂ ಮಾಡುವ ಆಟೋ ಸ್ಟಾರ್ಟರೇ ಕಾರಣ, ಅವನ್ನು ನಿಷೇಧಿಸಬೇಕು ಎಂದು ಕಳೆದ ವಾರದ ಚರ್ಚಾ ಪುಟದಲ್ಲಿ ಓದುಗರೊಬ್ಬರು ಬರೆದಿದ್ದಾರೆ. ಅವರು ಹಿಡಿದ ರೋಗ ಮುಕ್ಕಾಲು ಪಾಲು ಸರಿ, ಹೇಳಿದ ಮದ್ದು ಪೂರ್ತಿ ತಪ್ಪು. ಆಟೋ ಇರಲಿ. ಅದರ ಜತೆಗೊಂದು ಟೈಮರ್ ಕೂರಿಸಿ, ಒಂದು ಟಿ.ಸಿ.ಯ ಮೋಟಾರುಗಳು ಒಂದರ ಹಿಂದೆ ಒಂದು ಚಾಲೂ ಆಗುವಂತೆ ಮಾಡಿ ಎಂಬುದು ನಮ್ಮ ವಾದ. ನಿಮ್ಮ ಪುಟದ ಮಿತಿ 1,200 ಪದ. ಹಾಗಾಗಿ ಸುಟ್ಟ ಟಿ.ಸಿ. ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಯಾರ ತಲೆಗೆ, ಆಯಿಲ್ ಕಳವು, ಒಣಗಿದ ಅರ್ಥಿಂಗ್ ಗುಂಡಿ, ಹಗಲು ಕರೆಂಟಿನ ಬೇಡಿಕೆ ಇವೆಲ್ಲವನ್ನೂ ಕರಡಿನಿಂದ ಹೊಡೆದು ಹಾಕಿದ್ದೇವೆ. ಒಂದೊಂದಕ್ಕೂ ಬೇರೆ ಪತ್ರವೇ ಬೇಕು.

ಮೊದಲು ಲೆಕ್ಕ. 63 ಕೆವಿಎ ಟಿ.ಸಿ. ಒಂದರ ಎಲ್‌ಟಿ ಬದಿ, ಅಂದರೆ ಮೋಟಾರುಗಳಿಗೆ ಕರೆಂಟ್ ಕೊಡುವ ಕಡಿಮೆ ವೋಲ್ಟೇಜಿನ ಬದಿ, ನಿರಂತರವಾಗಿ ಹೊರಬಲ್ಲದ್ದು ಫೇಸಿಗೆ 84 ಆಂಪಿಯರ್. ಅದರ ಮೇಲೆ 5 ಎಚ್‌ಪಿಯ ಎಂಟು ಸಬ್‌ಮರ್ಸಿಬಲ್ ಮೋಟಾರುಗಳಿವೆ ಎನ್ನಿ. ಒಂದೊಂದು ಓಡುವಾಗ ಎಳೆಯುವುದು ಸುಮಾರು 9 ಆಂಪಿಯರ್. ಎಂಟೂ ಸೇರಿ 72. ಕಾಗದದ ಮೇಲೆ ಎಲ್ಲ ಸರಿಯಿದೆ, ಓವರ್‌ಲೋಡ್ ಇಲ್ಲ. ಆದರೆ ನೇರ ಸ್ಟಾರ್ಟರ್‌ನಲ್ಲಿ ಮೋಟಾರು ನಿಂತಲ್ಲಿಂದ ಏಳುವಾಗ ಎಳೆಯುವುದು ಓಡುವ ಕರೆಂಟಿನ ಆರು ಪಟ್ಟು, ಅಂದರೆ ಒಂದಕ್ಕೆ 54 ಆಂಪಿಯರ್. ತ್ರೀಫೇಸ್ ಬಂದ ಕ್ಷಣದಲ್ಲಿ ಎಂಟೂ ಆಟೋಗಳು ಒಟ್ಟಿಗೆ ‘ಟಕ್’ ಎಂದರೆ 432 ಆಂಪಿಯರ್. ಟಿ.ಸಿ.ಯ ತಾಕತ್ತಿನ ಐದು ಪಟ್ಟು.

ಇಂಥ ಎಳೆತಕ್ಕೆ ಟಿ.ಸಿ.ಯ ಒಳಗೇ ವೋಲ್ಟೇಜ್ ಐದನೇ ಒಂದು ಪಾಲಿನಷ್ಟು ಕುಸಿಯುತ್ತದೆ. ಅಲ್ಲಿಂದ ಅರ್ಧ ಕಿಲೋಮೀಟರ್ ತಂತಿ ದಾಟಿ ಲೈನಿನ ಕೊನೆಯ ತೋಟಕ್ಕೆ ಹೋಗುವಷ್ಟರಲ್ಲಿ 415 ಇರಬೇಕಾದದ್ದು 300ರ ಆಸುಪಾಸಿಗೆ ಬಂದಿರುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 300 ವೋಲ್ಟಿಗೆ ಉಳಿಯುವ ಬಲ ಅರ್ಧವೇ. ಸರಿಯಾದ ವೋಲ್ಟೇಜಿನಲ್ಲಿ ಒಂದೆರಡು ಸೆಕೆಂಡಿನಲ್ಲಿ ವೇಗ ಹಿಡಿಯುವ ಸಬ್‌ಮರ್ಸಿಬಲ್ ಆಗ ಗೊರಗುಟ್ಟುತ್ತ ನಿಲ್ಲುತ್ತದೆ. ನಿಂತಷ್ಟು ಹೊತ್ತೂ ಅದು ಹೆಚ್ಚಿನ ಕರೆಂಟನ್ನೇ ಎಳೆಯುತ್ತಿರುತ್ತದೆ, ಅದರಿಂದಾಗಿ ಪಕ್ಕದ ಮೋಟಾರೂ ಏಳುವುದಿಲ್ಲ. ಎಂಟೂ ಒಂದಕ್ಕೊಂದು ಕಾಲು ಹಿಡಿದುಕೊಂಡಂತೆ.

ಕೆಲವೇ ಸೆಕೆಂಡುಗಳ ಈ ಹೊರೆಗೆ ಟಿ.ಸಿ. ಸುಡುವುದಿಲ್ಲ. ಅಷ್ಟು ತಡೆದುಕೊಳ್ಳಲು ಅದರ ಕಾಯಿಲ್ ಮತ್ತು ಆಯಿಲಿಗೆ ಶಕ್ತಿಯಿದೆ. ಸುಡುವುದು ಬೇರೆ ದಾರಿಯಲ್ಲಿ. ಆ ಸೆಕೆಂಡುಗಳಲ್ಲಿ ಮೊದಲು ಹೋಗುವುದು ಎಲ್‌ಟಿ ಫ್ಯೂಸ್. ಲೈನ್‌ಮನ್‌ಗೆ ಹತ್ತಾರು ಹಳ್ಳಿ, ಇಲ್ಲಿ ಅಡಿಕೆಗೆ ನೀರು ತುರ್ತು. ಯಾರೋ ಒಬ್ಬರು ಫ್ಯೂಸ್ ಕಟ್ಟುತ್ತಾರೆ. ನಾಳೆ ಮತ್ತೆ ಹೋಗುತ್ತದೆ. ಮೂರನೆಯ ಸಲ ತಂತಿ ಎರಡೆಳೆ ಆಗುತ್ತದೆ, ಆಮೇಲೆ ನಾಲ್ಕೆಳೆ, ಕೊನೆಗೆ ಅಲ್ಯೂಮಿನಿಯಂ ತುಂಡು. ಈಗ ಫ್ಯೂಸ್ ಹೋಗುವುದಿಲ್ಲ, ಎಲ್ಲರಿಗೂ ಸಮಾಧಾನ. ಆ ದಿನದಿಂದ ಟಿ.ಸಿ.ಗೆ ಕಾವಲುಗಾರ ಇಲ್ಲ. ಗಾಳಿಗೆ ಎರಡು ತಂತಿ ಮುಟ್ಟಿದರೆ, ಒಂದು ಕೇಬಲ್ ಜಾಯಿಂಟ್ ಶಾರ್ಟ್ ಆದರೆ, ಬೇಸಿಗೆಯಲ್ಲಿ ಯಾರಾದರೂ 5 ಎಚ್‌ಪಿ ಜಾಗಕ್ಕೆ 10 ಎಚ್‌ಪಿ ಇಳಿಸಿದರೆ, ಉರಿಯಬೇಕಿದ್ದ ಫ್ಯೂಸಿನ ಬದಲು ಕಾಯಿಲ್ಲೇ ಉರಿಯುತ್ತದೆ. ಫ್ಯೂಸನ್ನು ದಪ್ಪ ಮಾಡಿಸಿದ್ದು ಮೊದಲ ನಿಮಿಷದ ನೂಕುನುಗ್ಗಲು. ಅದನ್ನು ತಪ್ಪಿಸಿದರೆ ಸರಿಯಾದ ಅಳತೆಯ ಫ್ಯೂಸ್ ಜಾಗದಲ್ಲಿ ಉಳಿಯುತ್ತದೆ. (ಟಿ.ಸಿ. ಕಂಬದ ಬಳಿ ರೈತರೇ ಫ್ಯೂಸ್ ಕಟ್ಟುವುದು ಪ್ರಾಣಕ್ಕೇ ಸಂಚಕಾರ. ಅದು ಲೈನ್‌ಮನ್ ಕೆಲಸ.)

ಹಾಗಾದರೆ ಆಟೋವನ್ನೇ ಕಿತ್ತುಬಿಡೋಣ ಎನ್ನುವವರು ಆಟೋ ಏಕೆ ಬಂತು ಎಂದು ಕೇಳಿಕೊಳ್ಳಬೇಕು. ಪಂಪ್‌ಸೆಟ್‌ಗೆ ತ್ರೀಫೇಸ್ ಸಿಗುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ. ಒಂದು ಪಾಳಿ ರಾತ್ರಿ. ನಡುವೆ ಎಷ್ಟು ಸಲ ಹೋಗಿ ಬರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಹಾವು, ಕರಡಿಯ ಭಯ ಇರುವ ಹೊಲಕ್ಕೆ ನಡುರಾತ್ರಿ ಟಾರ್ಚ್ ಹಿಡಿದು ನಾಲ್ಕು ಸಲ ಹೋಗಿ ಹಸಿರು ಬಟನ್ ಒತ್ತಿ ಎಂದು ಆದೇಶ ಹೊರಡಿಸಬಹುದು, ಪಾಲಿಸುವವರು ಸಿಗುವುದಿಲ್ಲ. ತಪಾಸಣೆಯ ದಿನ ಬಿಚ್ಚಿಟ್ಟ ಆಟೋ ಸಂಜೆಗೆ ಮತ್ತೆ ಪೆಟ್ಟಿಗೆ ಸೇರುತ್ತದೆ.

ಟಿ.ಸಿ.ಯನ್ನು 100 ಕೆವಿಎಗೆ ಏರಿಸಿ ಎನ್ನುವ ಬೇಡಿಕೆಯೂ ಇದೆ. ಓಡುವ ಹೊರೆಯೇ ಮಿತಿ ಮೀರಿದ್ದರೆ ಅದು ಬೇಕೇ ಬೇಕು. ಅಲ್ಲಿ ಟೈಮರ್ ಏನೂ ಮಾಡಲಾರದು. ಆದರೆ 100 ಕೆವಿಎಯ ತಾಕತ್ತು ಫೇಸಿಗೆ 133 ಆಂಪಿಯರ್. 432ರ ಮುಂದೆ ಅದೂ ಮೂರನೇ ಒಂದು ಪಾಲಿಗಿಂತ ಕಡಿಮೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಏಳುವ ಕರೆಂಟ್ ಮೂರನೇ ಒಂದಕ್ಕೆ ಇಳಿಯುತ್ತದೆ, ನಿಜ. ಆದರೆ ಅದಕ್ಕೆ ಮೋಟಾರಿನಿಂದ ಆರು ತಂತಿ ಮೇಲೆ ಬರಬೇಕು. ನಮ್ಮ ಕಡೆ ಕೊಳವೆಬಾವಿಗೆ ಇಳಿಸಿದ 5 ಎಚ್‌ಪಿ ಮೋಟಾರುಗಳಲ್ಲಿ ಸಾಮಾನ್ಯವಾಗಿ ಬರುವುದು ಮೂರೇ.

ಇನ್ನು ಸರದಿಯ ಲೆಕ್ಕ ನೋಡಿ. ಏಳು ಮೋಟಾರು ಆಗಲೇ ಓಡುತ್ತಿದ್ದು, ಎಂಟನೆಯದು ಈಗ ಏಳುತ್ತಿದೆ ಎಂದರೆ 63 ಮತ್ತು 54, ಒಟ್ಟು 117 ಆಂಪಿಯರ್. ಇದೇ ಅತಿ ಹೆಚ್ಚಿನ ಕ್ಷಣ. ತಾಕತ್ತಿನ ಒಂದೂವರೆ ಪಟ್ಟೂ ಇಲ್ಲ, ಅದೂ ಒಂದೆರಡು ಸೆಕೆಂಡು. ಟಿ.ಸಿ.ಯೂ ತಡೆಯುತ್ತದೆ, ಸರಿಯಾದ ಫ್ಯೂಸೂ ತಡೆಯುತ್ತದೆ.

ಮಾಡುವ ಕ್ರಮ ಹೀಗೆ. ಟಿ.ಸಿ.ವಾರು ಮೋಟಾರುಗಳಿಗೆ ನಂಬರ್ ಕೊಟ್ಟು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೆ ಬಣ್ಣದಲ್ಲಿ ಬರೆಯಬೇಕು. ಒಂದನೇ ನಂಬರ್ ಲೈನಿನ ಕೊನೆಯ ತೋಟಕ್ಕೆ. ಅಲ್ಲಿ ವೋಲ್ಟೇಜ್ ಯಾವಾಗಲೂ ಕಡಿಮೆ, ಲೈನ್ ಖಾಲಿ ಇದ್ದಾಗ ಅದು ಎದ್ದುಬಿಡಲಿ. ಟಿ.ಸಿ. ಪಕ್ಕದ ತೋಟಕ್ಕೆ ಕೊನೆಯ ನಂಬರ್. ಒಂದನೆಯ ಮೋಟಾರಿನ ಟೈಮರ್ 60 ಸೆಕೆಂಡು, ಎರಡನೆಯದು 90, ಮೂರನೆಯದು 120, ಹೀಗೆ 30ರಂತೆ ಏರಿಸುತ್ತ ಹೋದರೆ ಎಂಟನೆಯದಕ್ಕೆ 270 ಸೆಕೆಂಡು ಬರುತ್ತದೆ. ನಾಲ್ಕೂವರೆ ನಿಮಿಷ. ಏಳು ಗಂಟೆ ಎಂದರೆ 420 ನಿಮಿಷ. ಎಲ್ಲರಿಗಿಂತ ತಡವಾಗಿ ಏಳುವವನು ಕಳೆದುಕೊಳ್ಳುವುದು ನೂರಕ್ಕೆ ಒಂದು ಪಾಲು ನೀರು.

ಮೊದಲನೆಯದಕ್ಕೂ 60 ಸೆಕೆಂಡು ಯಾಕೆ ಎಂದು ಕೇಳುತ್ತಾರೆ. ಕರೆಂಟ್ ಹೋದಾಗ ಪೈಪಿನಲ್ಲಿ ನಿಂತ ನೀರು, ಚೆಕ್ ವಾಲ್ವ್ ಸವೆದಿದ್ದರೆ, ಪಂಪನ್ನು ಉಲ್ಟಾ ತಿರುಗಿಸುತ್ತ ಕೆಳಗಿಳಿಯುತ್ತದೆ. ಉಲ್ಟಾ ತಿರುಗುತ್ತಿರುವ ಪಂಪಿಗೆ ತಕ್ಷಣ ಕರೆಂಟ್ ಕೊಟ್ಟರೆ ಶಾಫ್ಟ್ ತುಂಡಾಗುತ್ತದೆ, ಇಲ್ಲವೇ ಕಪ್ಲಿಂಗ್ ಜಾರುತ್ತದೆ. ನೂರಾರು ಅಡಿಯಿಂದ ಪೈಪ್ ಎತ್ತಿಸುವ ಖರ್ಚನ್ನು ಈ ಒಂದು ನಿಮಿಷ ಉಳಿಸುತ್ತದೆ. ಪಕ್ಕದವನ ಟಿ.ಸಿ.ಗಾಗಿ ನಾನೇಕೆ ಟೈಮರ್ ಹಾಕಲಿ ಎನ್ನುವ ರೈತನಿಗೆ ನಾವು ಮೊದಲು ಹೇಳುವುದೇ ಈ ಮಾತು.

ಟೈಮರ್‌ಗೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಆಟೋದ ಕಾಂಟ್ಯಾಕ್ಟ್‌ನ ಜತೆ ಸೀರೀಸ್‌ನಲ್ಲಿ ಟೈಮರ್‌ನ ಕಾಂಟ್ಯಾಕ್ಟ್ ಬರಬೇಕು, ಕರೆಂಟ್ ಒಮ್ಮೆ ಕಣ್ಣು ಮಿಟುಕಿಸಿದರೂ ಎಣಿಕೆ ಮೊದಲಿನಿಂದ ಶುರುವಾಗಬೇಕು. ಎಡವುವುದು ಮೂರು ಕಡೆ. ಸ್ಟಾರ್ಟರ್ ಕಾಯಿಲ್ 415 ವೋಲ್ಟಿನದು, ತಂದ ಟೈಮರ್ 240ರದು. ಹಾಕಿದ ಕೂಡಲೇ ಹೊಗೆ. ಟೈಮರ್‌ನ ತಿರುಗಣಿ ಸೆಕೆಂಡಿನ ಬದಲು ನಿಮಿಷದ ಶ್ರೇಣಿಯಲ್ಲಿದ್ದರೆ 90 ಸೆಕೆಂಡಿಗೆ ಏಳಬೇಕಾದ ಮೋಟಾರು 90 ನಿಮಿಷಕ್ಕೆ ಏಳುತ್ತದೆ, ಮಾಲೀಕ ಸಿಟ್ಟಿಗೆದ್ದು ಟೈಮರ್ ಕಿತ್ತು ಎಸೆಯುತ್ತಾನೆ. ಮೂರನೆಯದು ಪೆಟ್ಟಿಗೆ. ಕೇಬಲ್ ತೂತು ಮುಚ್ಚದಿದ್ದರೆ ಇರುವೆ, ಹಲ್ಲಿ ಒಳಗೆ ಸಂಸಾರ ಹೂಡುತ್ತವೆ. ಕಾಂಟ್ಯಾಕ್ಟ್ ನಡುವೆ ಸಿಕ್ಕ ಒಂದು ಇರುವೆ ಸಾಕು ಇಡೀ ಸರದಿ ತಪ್ಪಲು.

ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಮೋಟಾರು ಓಡಿಸುವ ಚಾಳಿ ಇದ್ದಲ್ಲಿ ಈ ವ್ಯವಸ್ಥೆ ನಿಲ್ಲುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮೂರೂ ಫೇಸ್ ಇದ್ದರೆ ಮಾತ್ರ ಎಣಿಕೆ ಶುರು ಮಾಡುವ ಸಿಂಗಲ್ ಫೇಸ್ ಪ್ರಿವೆಂಟರ್ ಜತೆಗಿರಲೇಬೇಕು.

ಒಬ್ಬಿಬ್ಬರು ಟೈಮರ್ ಹಾಕಿ ಉಳಿದವರು ಬಿಟ್ಟರೆ ಫಲ ಅರ್ಧಂಬರ್ಧ. ಎಂಟರಲ್ಲಿ ಐದು ಒಟ್ಟಿಗೆ ಎದ್ದರೂ 270 ಆಂಪಿಯರ್, ಫ್ಯೂಸ್ ಹೋಗಲು ಅಷ್ಟು ಸಾಕು. ಆದ್ದರಿಂದ ಇದನ್ನು ರೈತರ ವಿವೇಕಕ್ಕೆ ಬಿಟ್ಟು ಕರಪತ್ರ ಹಂಚಿದರೆ ಆಗದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಸರ್ಕಾರವೇ ವಿದ್ಯುತ್ ಹಣ ಭರಿಸುತ್ತಿದೆ. ಸುಟ್ಟ ಟಿ.ಸಿ.ಯ ರಿಪೇರಿಯ ಹೊರೆ ಕೊನೆಗೆ ಬೀಳುವುದು ಸರಬರಾಜು ಕಂಪನಿಯ ಮೇಲೆ. ಎಂಟು ಟೈಮರ್‌ಗೆ ಎಂಟು ಸಾವಿರ. ಅದನ್ನು ಕಂಪನಿಯೇ ಕೊಟ್ಟು, ತನ್ನವರಿಂದಲೇ ಕೂರಿಸಿ, ಸೆಕೆಂಡ್ ಹೊಂದಿಸಿ ಸೀಲ್ ಮಾಡಲಿ. ಹೊಸ ಸಂಪರ್ಕ ಕೊಡುವಾಗ ಆರ್‌.ಆರ್. ನಂಬರ್ ಜತೆಗೇ ಸರದಿಯ ನಂಬರೂ ಕೊಡಲಿ.

ಇದು ಬಾಯಿಮಾತು ಎನಿಸಿದರೆ ಪರೀಕ್ಷೆ ಸುಲಭ. ಒಂದು ಫೀಡರಿನಲ್ಲಿ ಅತಿ ಹೆಚ್ಚು ಸಲ ಫ್ಯೂಸ್ ಹೋಗುವ, ಆದರೆ ಓಡುವ ಹೊರೆ ಮಿತಿಯೊಳಗಿರುವ ಹತ್ತು ಟಿ.ಸಿ.ಗಳನ್ನು ಆರಿಸಲಿ. ಐದಕ್ಕೆ ಸರದಿ ಕೂರಿಸಿ, ಐದನ್ನು ಇದ್ದಂತೆ ಬಿಡಲಿ. ಹತ್ತಕ್ಕೂ ಸರಿಯಾದ ಅಳತೆಯ ಫ್ಯೂಸ್ ತಂತಿ ಕಟ್ಟಿ, ಫೆಬ್ರುವರಿಯಿಂದ ಮೇ ಕೊನೆಯವರೆಗೆ ಯಾವ ಟಿ.ಸಿ.ಯಲ್ಲಿ ಎಷ್ಟು ಸಲ ಫ್ಯೂಸ್ ಹೋಯಿತು, ಕರೆಂಟ್ ಬಂದ ಎಷ್ಟು ನಿಮಿಷದೊಳಗೆ ಹೋಯಿತು ಎಂದು ಲೈನ್‌ಮನ್ ಪುಸ್ತಕದಲ್ಲಿ ಬರೆಸಲಿ. ಜೂನ್ ಮೊದಲ ವಾರ ಆ ಪುಟಗಳನ್ನು ಉಪವಿಭಾಗ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಆಟೋ ನಿಷೇಧದ ಮಾತನ್ನು ಅಲ್ಲಿಯತನಕ ತಡೆಹಿಡಿಯಬೇಕೆಂದು ಕೋರುತ್ತೇವೆ.

ಇತಿ,
ಮೋಟಾರ್ ರಿವೈಂಡಿಂಗ್ ಮತ್ತು ಸ್ಟಾರ್ಟರ್ ರಿಪೇರಿ ಕೆಲಸಗಾರರು,
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ